ಗುಂಡಿ ಮುಚ್ಚುವ ಕಾಮಗಾರಿ ಬಗ್ಗೆ ಅಣಕು ವಾರ್ತೆ: ಸ್ಕ್ರಿಪ್ಟ್ ನೋಡಿ ತಿದ್ದಿಕೊಡಿ

ವೇದಿಕೆ_ಹಿಂದೆ

ಗಣೇಶೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಏಳು ನಿಮಿಷದ ಅಣಕು ವಾರ್ತೆ ಬೇಕಾಗಿದೆ. ಪಾತ್ರ ಎರಡೇ: ಮೇಜಿನ ಹಿಂದೆ ವಾರ್ತಾವಾಚಕಿ, ವೇದಿಕೆಯ ಇನ್ನೊಂದು ತುದಿಯಲ್ಲಿ ಮೈಕ್ ಹಿಡಿದ ವರದಿಗಾರ. ವಿಷಯ, ನಮ್ಮ ತಾಲ್ಲೂಕು ಕೇಂದ್ರದಲ್ಲಿ ಮುಗಿಯದ ಗುಂಡಿ ರಿಪೇರಿ. ಆರಂಭ ಹೀಗೆ ಬರೆದಿದ್ದೇವೆ:

> ವಾಚಕಿ: ನಮಸ್ಕಾರ, ಗುಂಡಿಪುರ ನ್ಯೂಸ್‌ಗೆ ಸ್ವಾಗತ. ನಮ್ಮೂರಲ್ಲಿ ರಸ್ತೆಯಲ್ಲಿ ಗುಂಡಿ ಇದೆಯೋ, ಗುಂಡಿಯಲ್ಲಿ ರಸ್ತೆ ಇದೆಯೋ ದೇವರೇ ಬಲ್ಲ!
> ವರದಿಗಾರ: (ಕುಂಟುತ್ತಾ ಬಂದು) ಅಯ್ಯೋ ಮೇಡಂ, ನನ್ನ ಸೊಂಟ ಮುರೀತು!

ಓದಿ ನೋಡಿದಾಗ ಯಾರೂ ನಗಲಿಲ್ಲ. ಎಲ್ಲಿ ತಪ್ಪಿದೆ ಹೇಳಿ.

ಪ್ರಾಂಪ್ಟರ್_ಪೆಟ್ಟಿಗೆ

ವಾಚಕಿಗೆ ತಾನು ಹೇಳುತ್ತಿರುವುದು ತಮಾಷೆ ಅಂತ ಗೊತ್ತಿದೆ, ತಪ್ಪು ಅಲ್ಲೇ ಇದೆ. ಅಣಕು ವಾರ್ತೆಯಲ್ಲಿ ವಾಚಕಿಗೆ ಏನೂ ವಿಚಿತ್ರ ಅನ್ನಿಸಬಾರದು. ಜಲಾಶಯದ ನೀರಿನ ಮಟ್ಟ ಓದುವ ದನಿಯಲ್ಲೇ ಗುಂಡಿಯ ಸುದ್ದಿಯನ್ನೂ ಓದಬೇಕು. "ದೇವರೇ ಬಲ್ಲ" ಅಂದ ಕೂಡಲೇ ಅವಳು ಜನರ ಪಕ್ಷಕ್ಕೆ ಬಂದುಬಿಟ್ಟಳು. ಆಮೇಲೆ ಅವಳನ್ನು ನೋಡಿ ನಗಲು ಏನೂ ಉಳಿಯಲ್ಲ.

ಗುಂಡಿಪುರ ಅನ್ನೋ ಹೆಸರನ್ನೂ ತೆಗೀರಿ. ಸುದ್ದಿ ಬರುವ ಮುಂಚೆಯೇ ಹೆಸರು ನಗೆಯನ್ನು ಖರ್ಚು ಮಾಡಿಬಿಡುತ್ತೆ. "ನಮ್ಮ ಪಟ್ಟಣ" ಅಂದರೆ ಸಾಕು. ರಸ್ತೆಯಲ್ಲಿ ಗುಂಡಿಯೋ ಗುಂಡಿಯಲ್ಲಿ ರಸ್ತೆಯೋ ಅನ್ನೋದನ್ನ ಹತ್ತು ವರ್ಷದಿಂದ ಎಲ್ಲ ವೇದಿಕೆಯಲ್ಲೂ ಕೇಳಿದ್ದೇವೆ.

ಇನ್ನೊಂದು ವಿಷಯ. ಇಡೀ ಊರಿನ ಗುಂಡಿಗಳ ಬಗ್ಗೆ ಬರೆಯಬೇಡಿ. ಒಂದೇ ಒಂದು ಗುಂಡಿ ಹಿಡಿದು ಅದನ್ನೇ ಏಳು ನಿಮಿಷ ಬೆನ್ನಟ್ಟಿ.

ಹಳೇ_ಬಸ್_ಸ್ಟ್ಯಾಂಡ್

ನಮ್ಮ ಮನೆ ಎದುರಿಗೂ ದೊಡ್ಡ ಗುಂಡಿ ಇದೆ. ವಾರ್ತೆಯಲ್ಲಿ ಹಾಕಿದರೆ ಪುರಸಭೆಯವರು ಮುಚ್ಚುತ್ತಾರಾ? ಯಾರಿಗೆ ದೂರು ಕೊಡಬೇಕು?

ವೇದಿಕೆ_ಹಿಂದೆ

ಇದು ನಿಜವಾದ ವಾರ್ತೆ ಅಲ್ಲ ಸರ್, ನಾಟಕ. ದೂರನ್ನು ಪುರಸಭೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಪ್ರಾಂಪ್ಟರ್ ಸರ್, ಒಂದೇ ಗುಂಡಿ ಅನ್ನೋದು ಹಿಡಿಸಿತು. ಬಸ್ ನಿಲ್ದಾಣದ ಎದುರಿನದ್ದನ್ನೇ ತಗೋತೀವಿ. ಎಷ್ಟು ಸಲ ಮುಚ್ಚಿದರೂ ಅದೇ ಜಾಗದಲ್ಲಿ ಮತ್ತೆ ಬೀಳುತ್ತೆ. ಕಳಪೆ ಡಾಂಬರು ಅಂತ ಬರೆಯೋದಾ?

ಜಲ್ಲಿ_ನಲವತ್ತು

ಸ್ವಲ್ಪ ತಡೀರಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದರೆ ಮೊದಲು ಡಾಂಬರನ್ನು ಬೈಯಬೇಡಿ, ಕೆಳಗೆ ನೀರಿದೆಯಾ ನೋಡಿ. ಮಳೆ ಇಲ್ಲದ ದಿನವೂ ತೇಪೆಯ ಅಂಚು ಒದ್ದೆ ಇರುತ್ತಾ? ವಾಲ್ವ್‌ಮನ್ ನೀರು ಬಿಟ್ಟ ಹೊತ್ತಿನಲ್ಲಿ ಹೆಚ್ಚಾಗುತ್ತಾ? ಬಸ್ ಹಾದಾಗ ಬಿರುಕಿನಿಂದ ಕೆಸರಿನ ನೀರು ಚಿಮ್ಮುತ್ತಾ? ಮೂರಕ್ಕೂ ಹೌದು ಅಂದರೆ ಅಡಿಯಲ್ಲಿ ಪೈಪ್ ಸೋರುತ್ತಿರುವ ಸಾಧ್ಯತೆ ಬಹಳ. ಹೆಚ್ಚಾಗಿ ಸೋರೋದು ದೊಡ್ಡ ಪೈಪಿನಿಂದ ಮನೆಗೆ ಸಂಪರ್ಕ ಕೊಟ್ಟ ಜೋಡಣೆಯಲ್ಲಿ. ಅಲ್ಲಿ ಪೈಪನ್ನು ಸುತ್ತಿ ಹಿಡಿಯುವ ಸ್ಯಾಡಲ್ ಪಟ್ಟಿ ಸಡಿಲ ಆಗಿರುತ್ತೆ, ಇಲ್ಲಾ ರಬ್ಬರ್ ಹೋಗಿರುತ್ತೆ.

ಹಾಗಾದಾಗ ಮೇಲೆ ಎಂಥ ಒಳ್ಳೆ ಮಿಶ್ರಣ ಹಾಕಿದರೂ ಪ್ರಯೋಜನ ಇಲ್ಲ. ಜಲ್ಲಿ ನಡುವಿನ ಸಣ್ಣ ಪುಡಿಯನ್ನು ನೀರು ಪ್ರತಿ ಚಕ್ರದ ಒತ್ತಡಕ್ಕೂ ಸ್ವಲ್ಪ ಸ್ವಲ್ಪ ಹೊರಗೆ ತಳ್ಳುತ್ತೆ. ತಳ ಟೊಳ್ಳಾಗುತ್ತೆ, ಮೇಲಿನ ಪದರ ಕುಸಿಯುತ್ತೆ.

ಸರಿಯಾದ ಕ್ರಮ ಉಲ್ಟಾ ಇರಬೇಕು. ಮೊದಲು ಅಗೆದು ಪೈಪ್ ಸರಿ ಮಾಡಬೇಕು. ಆಮೇಲೆ ಮಣ್ಣನ್ನು 150 ಮಿ.ಮೀ. ಪದರ ಪದರವಾಗಿ ತುಂಬಿ ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಅದರ ಮೇಲೆ ಜಲ್ಲಿ, ಕೊನೆಗೆ ಡಾಂಬರು. ಊರುಗಳಲ್ಲಿ ಆಗೋದು ಹೀಗಲ್ಲ. ಡಾಂಬರು ಹಾಕಿದ ಮೇಲೆ ನೀರಿನವರು ಬಂದು ಅಗೀತಾರೆ, ಅಗೆದ ಮಣ್ಣನ್ನೆಲ್ಲ ಒಂದೇ ಸಲ ಒಳಗೆ ತಳ್ಳಿ ಹೋಗ್ತಾರೆ. ಎರಡು ಮಳೆಗೆ ಅದು ಕೂತುಕೊಂಡು ಅಲ್ಲೇ ಇನ್ನೊಂದು ಗುಂಡಿ. ನಿಮ್ಮ ಕಥೆ ಇಲ್ಲಿದೆ.

ಪ್ರಾಂಪ್ಟರ್_ಪೆಟ್ಟಿಗೆ

ಇದು ಬಂಗಾರದಂಥ ಮಾಹಿತಿ. ಈಗ ನೋಡಿ, ಇಂಜಿನಿಯರ್ ಹೇಳಿದ ಒಂದೊಂದು ತಪ್ಪನ್ನೂ ಸಾಧನೆ ಅಂತ ವರದಿ ಮಾಡಿದರೆ ಆಯ್ತು:

> ವಾಚಕಿ: ಬಸ್ ನಿಲ್ದಾಣದ ಎದುರಿನ ಗುಂಡಿಯನ್ನು ಇಂದು ಬೆಳಿಗ್ಗೆ ಐದನೇ ಬಾರಿ ಯಶಸ್ವಿಯಾಗಿ ಮುಚ್ಚಲಾಗಿದೆ. ಆರನೇ ಬಾರಿ ಮುಚ್ಚುವ ಸಿದ್ಧತೆಗಳು ಭರದಿಂದ ಸಾಗಿವೆ ಎಂದು ಮೂಲಗಳು ತಿಳಿಸಿವೆ. ಹೆಚ್ಚಿನ ವಿವರಗಳೊಂದಿಗೆ ಸ್ಥಳದಲ್ಲಿ ನಮ್ಮ ಪ್ರತಿನಿಧಿ ಇದ್ದಾರೆ.
> ವರದಿಗಾರ: ಹೌದು. ಬೆಳಿಗ್ಗೆ ಆರೂವರೆಗೆ ಎರಡು ಬಾಂಡ್ಲಿ ಮಿಶ್ರಣ ಆಗಮಿಸಿತು. ಗುಂಡಿಯಲ್ಲಿ ಈಗಾಗಲೇ ವಾಸವಿದ್ದ ನೀರಿಗೆ ತೊಂದರೆಯಾಗದಂತೆ ಅದರ ಮೇಲೆಯೇ ಸುರಿಯಲಾಯಿತು.
> ವಾಚಕಿ: ರೋಲರ್ ಬಂದಿತ್ತೇ?
> ವರದಿಗಾರ: ಆ ಜವಾಬ್ದಾರಿಯನ್ನು ಆರೂ ನಲವತ್ತರ ಬಸ್ಸಿನ ಹಿಂದಿನ ಎಡಚಕ್ರಕ್ಕೆ ವಹಿಸಲಾಗಿದೆ.
> ವಾಚಕಿ: ಧನ್ಯವಾದ. ಮುಂದಿನ ಸುದ್ದಿ.

ಕುಂಟೋದು ಬೇಡ, ಸೊಂಟ ಮುರಿಯೋದು ಬೇಡ. ವರದಿಗಾರನೂ ಶಿಸ್ತಾಗಿ ನಿಂತಿರಬೇಕು. "ಧನ್ಯವಾದ. ಮುಂದಿನ ಸುದ್ದಿ" ಅನ್ನೋದನ್ನ ಪ್ರತಿ ಸಲವೂ ಒಂದೇ ರಾಗದಲ್ಲಿ ಹೇಳಿಸಿ. ಮೂರನೇ ಸಲಕ್ಕೆ ಸಭೆ ಅದಕ್ಕೇ ಕಾಯುತ್ತೆ.

ಧಾರವಾಡ_ಪೇಡಾ

ಎಡಚಕ್ರ ಭಾರಿ ಐತ್ರಿ! ಆದ್ರ ಇಷ್ಟು ತಣ್ಣಗ ಓದಿದ್ರ ನಮ್ಮ ಕಡೆ ಜನ ಎದ್ದು ಹೋಗ್ತಾರ. ಈಗಿನ ಟಿವಿಯವರು ಹೆಂಗ ಒದರ್ತಾರ ನೋಡ್ರಿ, ಹಂಗ ಮಾಡ್ಬೇಕು. ಡ್ರಮ್ ಸೌಂಡು, "ಗುಂಡಿಯ ಒಳಗಿನ ಸತ್ಯ" ಅಂತ ಕೆಂಪು ಅಕ್ಷರ, ಗುಂಡಿಗೆ ಮೂರು ಕಡೆಯಿಂದ ಬಾಣದ ಗುರುತು. ಅದೂ ಅಣಕ ಅಲ್ಲೇನ್ರಿ?

ಪ್ರಾಂಪ್ಟರ್_ಪೆಟ್ಟಿಗೆ

ಅದು ಟಿವಿಯ ಅಣಕ ಆಗುತ್ತೆ, ಕಾಮಗಾರಿಯ ಅಣಕ ಆಗಲ್ಲ. ಕಿರುಚಾಟ ಶುರುವಾದರೆ ಎಡಚಕ್ರದಂಥ ಸಾಲು ಕೇಳಿಸೋದೇ ಇಲ್ಲ. ಹಳೇ ರೇಡಿಯೋದ ಪ್ರದೇಶ ಸಮಾಚಾರದ ಧಾಟಿ ಇಟ್ಟುಕೊಳ್ಳಿ, ನಿಮ್ಮ ಊರಲ್ಲೂ ನಡೆಯುತ್ತೆ.

ಧಾರವಾಡ_ಪೇಡಾ

ನಾ ಒಪ್ಪಂಗಿಲ್ಲರಿ. ಹುಡುಗರಿಗೆ ಪ್ರದೇಶ ಸಮಾಚಾರ ಗೊತ್ತೇ ಇಲ್ಲ. ಗೊತ್ತಿಲ್ಲದ್ದನ್ನ ಅಣಕಿಸಿದ್ರ ಯಾರು ನಗ್ತಾರ?

ಮಳೆ_ಮಾಪಕ

ಇಬ್ಬರದ್ದೂ ಇರಲಿ. ಆದರೆ ಮಳೆಗಾಲದಲ್ಲಿ ಯಾವ ಡಾಂಬರೂ ನಿಲ್ಲಲ್ಲ, ಅದು ಎಲ್ಲರಿಗೂ ಗೊತ್ತಿರೋ ವಿಷಯ. ಪುರಸಭೆಯವರನ್ನು ಬೈದು ಏನು ಪ್ರಯೋಜನ? ಸುಮ್ಮನೆ ಸಿಮೆಂಟ್ ಕಾಂಕ್ರೀಟ್ ಸುರಿದರೆ ಮುಗೀತು.

ಜಲ್ಲಿ_ನಲವತ್ತು

ಅರ್ಧ ಸರಿ. ಬಿಸಿ ಮಿಶ್ರಣ ಮಳೆಯಲ್ಲಿ ಹಾಕಬಾರದು, ನಿಜ. ಒದ್ದೆ ಮೇಲ್ಮೈಗೆ ಅದು ಅಂಟಲ್ಲ, ಬೇಗ ತಣ್ಣಗಾಗುತ್ತೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ವಿಜಿ-30 ಡಾಂಬರಿನ ಮಿಶ್ರಣ ಹರಡುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯುವ ಒಳಗೆ ರೋಲಿಂಗ್ ಮುಗಿದಿರಬೇಕು. ಟ್ರಾಕ್ಟರ್‌ನಲ್ಲಿ ಟಾರ್ಪಾಲು ಹೊದಿಸದೆ ಒಂದು ಗಂಟೆ ಸುತ್ತಾಡಿಸಿ ತಂದ ಮಿಶ್ರಣ ಗುಂಡಿ ಸೇರುವ ಹೊತ್ತಿಗೆ ಗಟ್ಟಿ ಉಂಡೆ. ಸಲಿಕೆಯಿಂದ ಒಡೆದು ಹಾಕ್ತಿದ್ದಾರೆ ಅಂದರೆ ಅದರ ಕಾಲ ಮುಗಿದಿದೆ ಅಂತಲೇ ಅರ್ಥ.

ಆದರೆ ಮಳೆಗಾಲಕ್ಕೇ ಅಂತ ಚೀಲದಲ್ಲಿ ಬರುವ ತಣ್ಣನೆ ಮಿಶ್ರಣ ಇದೆ. ಅದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಪ್ರತ್ಯೇಕ ಮಾನದಂಡವೂ ಇದೆ, ಐಆರ್‌ಸಿ 116, 2014ರದ್ದು. ಅದು ತಾತ್ಕಾಲಿಕ ಉಪಾಯ. ಅದಕ್ಕೂ ಗುಂಡಿಯ ನೀರು ತೆಗೆದು, ಸಡಿಲ ಜಲ್ಲಿ ಗುಡಿಸಿ ತುಂಬಬೇಕು.

ಕಾಂಕ್ರೀಟಿಗೆ ಕ್ಯೂರಿಂಗ್ ಬೇಕು. ಬಸ್ ನಿಲ್ದಾಣದ ಎದುರು ಒಂದು ವಾರ ಯಾರು ಜಾಗ ಬಿಡ್ತಾರೆ? ಸಂಜೆ ಸುರಿದ ಕಾಂಕ್ರೀಟ್ ಮೇಲೆ ಬೆಳಿಗ್ಗೆ ಬಸ್ ಹೋದರೆ ಅದು ಪುಡಿಯೇ. ಗಟ್ಟಿಯಾದರೂ ಸುತ್ತಲಿನ ಡಾಂಬರು ಬಾಗುತ್ತೆ, ಇದು ಬಾಗಲ್ಲ. ಅಂಚಿನಲ್ಲಿ ಸಂದು ಬಿಟ್ಟು ಅಲ್ಲಿಂದ ನೀರು ಇಳಿಯುತ್ತೆ.

ಮಳೆ_ಮಾಪಕ

ಸಂದು ಬಿಡೋದು ಒಪ್ಪಿದೆ. ಆದರೂ ನಿಲ್ದಾಣದ ಮುಂದೆ ಪೂರ್ತಿ ಅಗಲಕ್ಕೆ ಕಾಂಕ್ರೀಟ್ ಮಾಡಿದ ಕಡೆ ಚೆನ್ನಾಗಿ ನಿಂತಿದೆ.

ಜಲ್ಲಿ_ನಲವತ್ತು

ಪೂರ್ತಿ ಅಗಲಕ್ಕೆ ಮಾಡಿದರೆ ನಿಲ್ಲುತ್ತೆ, ಹೌದು. ಬಸ್ ಬ್ರೇಕ್ ಹಾಕಿ ತಿರುಗುವ ಜಾಗಕ್ಕೆ ಅದೇ ಒಳ್ಳೆಯದು. ನಾನು ಹೇಳಿದ್ದು ಡಾಂಬರಿನ ನಡುವೆ ಒಂದು ಬುಟ್ಟಿ ಕಾಂಕ್ರೀಟ್ ಸುರಿಯುವುದರ ಬಗ್ಗೆ.

ಕಡತ_ಮಂಡನೆ

ಸ್ಕ್ರಿಪ್ಟಿಗೆ ಅಳತೆ ಪುಸ್ತಕ, ಅಂದರೆ ಎಂ.ಬಿ., ತನ್ನಿ. ಎಂ.ಬಿ.ಯಲ್ಲಿ ಬರೆದ ಅಳತೆಯ ಮೇಲೆ ಬಿಲ್ ಆಗುವುದು, ರಸ್ತೆಯಲ್ಲಿರುವ ಅಳತೆಯ ಮೇಲಲ್ಲ. ಇಂಜಿನಿಯರ್ ಸರ್, ಒಂದು ಗುಂಡಿಗೆ ನಿಜವಾಗಿ ಎಷ್ಟು ಮಾಲು ಬೇಕು ಅಂತ ಲೆಕ್ಕ ಕೊಟ್ಟರೆ ಎರಡು ಬಾಂಡ್ಲಿಯ ತಮಾಷೆಗೆ ತೂಕ ಬರುತ್ತೆ.

ಜಲ್ಲಿ_ನಲವತ್ತು

ಕೊಡ್ತೀನಿ. ಗುಂಡಿ ದುಂಡಗಿದ್ದರೂ ಕತ್ತರಿಸುವಾಗ ಚೌಕ ಮಾಡ್ತೀವಿ, ಅಂಚು ನೇರ ಕೆಳಕ್ಕೆ ನಿಂತಿರಬೇಕು. ಇಳಿಜಾರು ಅಂಚು ಬಿಟ್ಟರೆ ಅಲ್ಲಿ ಮಿಶ್ರಣ ತೆಳುವಾಗಿ ಮೊದಲು ಕಿತ್ತು ಬರುತ್ತೆ.

ಕತ್ತರಿಸಿದ ಮೇಲೆ ಒಂದು ಮೀಟರ್ ಉದ್ದ, 0.8 ಮೀಟರ್ ಅಗಲ, 75 ಮಿ.ಮೀ. ಆಳ ಅಂತ ಇಟ್ಟುಕೊಳ್ಳಿ. ಗಾತ್ರ 0.06 ಘನ ಮೀಟರ್. ದಮ್ಮಸ್ಸಾದ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2,300 ಕೆ.ಜಿ. ತೂಗುತ್ತೆ, ಅಂದರೆ ಈ ಗುಂಡಿಗೆ ಹತ್ತಿರ ಹತ್ತಿರ 140 ಕೆ.ಜಿ. ಬೇಕು. ಬಾಂಡ್ಲಿಗೆ 20 ಕೆ.ಜಿ. ಹಿಡಿದರೆ ಏಳು ಬಾಂಡ್ಲಿ. ಎರಡು ಬಾಂಡ್ಲಿ ಹಾಕಿದರೆ ತಳದಲ್ಲಿ ಸುಮಾರು 20 ಮಿ.ಮೀ. ಬರುತ್ತೆ, ಅಷ್ಟೆ.

ಮಿಶ್ರಣಕ್ಕೆ ಮುಂಚೆ ತಳಕ್ಕೂ ನಾಲ್ಕೂ ಅಂಚಿಗೂ ಟ್ಯಾಕ್ ಕೋಟ್ ಬಳಿಯಬೇಕು. ಚದರ ಮೀಟರಿಗೆ 0.2ರಿಂದ 0.3 ಕೆ.ಜಿ. ತೆಳು ಡಾಂಬರಿನ ಎಮಲ್ಷನ್ ಸಾಕು, ಈ ಗುಂಡಿಗೆ ಕಾಲು ಕೆ.ಜಿ. ಆಸುಪಾಸು. ಹಳೇ ಡಾಂಬರಿಗೂ ಹೊಸದಕ್ಕೂ ಅಂಟು ಅದೇ. ಮೊದಲು ಬಿಟ್ಟುಹೋಗುವುದೂ ಅದೇ, ಯಾಕಂದರೆ ಮೇಲೆ ಮಿಶ್ರಣ ಬಿದ್ದ ಮೇಲೆ ಬಳಿದಿದ್ದಾರೋ ಇಲ್ಲವೋ ಕಾಣಲ್ಲ. ತೇಪೆ ಪುಡಿಯಾಗದೆ ಇಡಿಯಾಗಿ ತಟ್ಟೆಯ ಹಾಗೆ ಎದ್ದು ಬಂದರೆ ಅಂಟು ಹಾಕಿಲ್ಲ, ಇಲ್ಲಾ ಧೂಳಿನ ಮೇಲೆ ಹಾಕಿದ್ದಾರೆ.

ದೊಡ್ಡ ರೋಲರ್ ಬೇಕೇ ಬೇಕು ಅಂತ ಬರೆಯಬೇಡಿ. ಇಷ್ಟು ಸಣ್ಣ ಗುಂಡಿಗೆ ಕೈಯಲ್ಲಿ ತಳ್ಳುವ ಪ್ಲೇಟ್ ಕಾಂಪ್ಯಾಕ್ಟರ್ ಸಾಕು, ಎರಡು ಪದರದಲ್ಲಿ ತುಂಬಿದರೆ ಆಯ್ತು.

ವೇದಿಕೆ_ಹಿಂದೆ

ಹಾಗಾದರೆ "ರೋಲರ್ ಬಂದಿತ್ತೇ" ತೆಗೆದು "ದಮ್ಮಸ್ಸು ಮಾಡಲಾಯಿತೇ" ಅಂತ ಹಾಕ್ತೀವಿ. ಲೆಕ್ಕದಿಂದ ಇದು ಬಂತು:

> ವಾಚಕಿ: ಗುಂಡಿಗೆ ಏಳು ಬಾಂಡ್ಲಿ ಮಿಶ್ರಣ ಬಳಸಿರುವುದಾಗಿ ಅಳತೆ ಪುಸ್ತಕದಲ್ಲಿ ದಾಖಲಾಗಿದೆ. ಈ ಪೈಕಿ ಎರಡು ಬಾಂಡ್ಲಿ ಗುಂಡಿಯಲ್ಲಿ ಪತ್ತೆಯಾಗಿವೆ. ಉಳಿದ ಐದು ಬಾಂಡ್ಲಿ ಪುಸ್ತಕದಲ್ಲೇ ಸುರಕ್ಷಿತವಾಗಿವೆ ಎಂದು ಮೂಲಗಳು ಸ್ಪಷ್ಟಪಡಿಸಿವೆ.

ಕಡತ_ಮಂಡನೆ

ಚೆನ್ನಾಗಿದೆ, ಆದರೆ ಎಚ್ಚರಿಕೆಯಿಂದ. ನಿಜವಾದ ಊರು, ನಿಜವಾದ ಗುತ್ತಿಗೆದಾರರನ್ನು ಗುರುತಿಸುವ ಹಾಗೆ ಈ ಸಾಲು ಹೇಳಿದರೆ ಅದು ಆರೋಪ ಆಗುತ್ತೆ.

ಧಾರವಾಡ_ಪೇಡಾ

ಅಣಕಕ್ಕ ಕೇಸ್ ಹಾಕಾಕ ಬರಂಗಿಲ್ಲ ಬಿಡ್ರಿ.

ಕಡತ_ಮಂಡನೆ

ಬರಲ್ಲ ಅಂತೇನಿಲ್ಲ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲಿದೆ, ಅಣಕಕ್ಕೆ ಅಂತ ಪ್ರತ್ಯೇಕ ವಿನಾಯಿತಿ ಬರೆದಿಲ್ಲ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ, ಅಧಿಕಾರಿಯ ಕೆಲಸದ ಬಗ್ಗೆ ಸದ್ಭಾವನೆಯ ಅಭಿಪ್ರಾಯಕ್ಕೆ ವಿನಾಯಿತಿ ಇದೆ. ಹಾಗಾಗಿ ಪಾತ್ರಕ್ಕೆ ನಿಜವಾದ ಹೆಸರು ಬೇಡ, ಯಾರದೇ ಮಾತಿನ ಶೈಲಿಯನ್ನು ಅನುಕರಿಸುವುದೂ ಬೇಡ. "ಸಂಬಂಧಪಟ್ಟವರು" ಅಂದರೆ ಸಾಕು.

ನಿಮ್ಮ ಗುಂಡಿಯ ನಿಜ ಸ್ಥಿತಿ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಆ ರಸ್ತೆಯ ಅಳತೆ ಪುಸ್ತಕದ ದೃಢೀಕೃತ ಪ್ರತಿ ಕೇಳಿ, ಉತ್ತರಕ್ಕೆ 30 ದಿನ. ದೋಷ ಹೊಣೆ ಅವಧಿ ಯಾವಾಗ ಮುಗಿಯುತ್ತೆ ಅಂತಲೂ ಕೇಳಿ. ಅವಧಿಯೊಳಗೆ ಬಿದ್ದ ಗುಂಡಿಯನ್ನು ರಸ್ತೆ ಮಾಡಿದ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಮುಚ್ಚಬೇಕು. ಅದಕ್ಕೆ ಮತ್ತೆ ನಿರ್ವಹಣೆ ಹಣದಿಂದ ಬಿಲ್ ಆಗಿದ್ದರೆ ನಿಮಗೆ ನಾಟಕಕ್ಕಿಂತ ದೊಡ್ಡ ವಿಷಯ ಸಿಕ್ಕಿದೆ ಅಂತ.

ಜಲ್ಲಿ_ನಲವತ್ತು

ಇದಕ್ಕೊಂದು ತೊಡಕಿದೆ. ನೀರಿನವರು ಅಗೆದ ಜಾಗದಲ್ಲಿ ಬಿದ್ದ ಗುಂಡಿಗೆ ಗುತ್ತಿಗೆದಾರರು "ನನ್ನ ರಸ್ತೆ ಸರಿ ಇತ್ತು, ಬೇರೆಯವರು ಕತ್ತರಿಸಿದರು" ಅಂತಾರೆ. ಆ ಮಾತಿನಲ್ಲಿ ನ್ಯಾಯವೂ ಇರುತ್ತೆ. ಎಲ್ಲ ಗುಂಡಿಗೂ ಗುತ್ತಿಗೆದಾರರನ್ನೇ ಕಳ್ಳ ಮಾಡಿದರೆ ಸ್ಕ್ರಿಪ್ಟ್ ಸುಳ್ಳಾಗುತ್ತೆ.

ಕರಾವಳಿ_ಸುಬ್ಬಿ

ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಮಾಡಿದ್ದನ್ನು ನೋಡಿ ಮಾರಾಯ್ರೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟರು, 2019ರಲ್ಲಿ ಗಗನಯಾತ್ರಿ ಚಂದ್ರನ ಮೇಲೆ ನಡೆದ ಹಾಗೆ ಗುಂಡಿ ರಸ್ತೆಯಲ್ಲಿ ನಡೆಯುವ ವಿಡಿಯೊ. ಎರಡರಲ್ಲೂ ಒಬ್ಬರೂ ಒಂದು ಮಾತಾಡಲಿಲ್ಲ. ಆ ವಿಡಿಯೊದಲ್ಲಿ ಪಕ್ಕದಲ್ಲಿ ಆಟೋ ಹಾದು ಹೋಗುವವರೆಗೆ ಅದು ಚಂದ್ರನೇ ಅಂತ ಕಾಣುತ್ತದೆ. ನಿಮ್ಮ ವರದಿಗಾರನೂ ಹಾಗೆ ಗಂಭೀರ ಇರಲಿ.

ಪ್ರಾಂಪ್ಟರ್_ಪೆಟ್ಟಿಗೆ

ಒಳ್ಳೆ ಉದಾಹರಣೆ. ಇಬ್ಬರು ಇಲಾಖೆಯವರ ಜಗಳಕ್ಕೆ ಬರೋಣ, ಬುಲೆಟಿನ್‌ನ ನಡುಭಾಗ ಅದೇ ಆಗಬೇಕು. ಜಲ್ಲಿ ಸರ್ ಹೇಳಿದ ತೊಡಕನ್ನೇ ಬಳಸಿದ್ದೇನೆ, ಯಾರನ್ನೂ ಕಳ್ಳ ಅಂದಿಲ್ಲ:

> ವರದಿಗಾರ: ಗುಂಡಿಯ ಕೆಳಗೆ ನೀರು ಸೋರುತ್ತಿರುವುದು ಖಚಿತವಾಗಿದೆ. ರಸ್ತೆ ವಿಭಾಗದ ಪ್ರಕಾರ ಪೈಪ್ ಸರಿಯಾದ ಮೇಲೆ ರಸ್ತೆ ಮುಚ್ಚಬೇಕು. ನೀರಿನ ವಿಭಾಗದ ಪ್ರಕಾರ ರಸ್ತೆಯ ಕೆಲಸ ಮುಗಿದ ಮೇಲಷ್ಟೇ ಅಗೆಯಲು ಅನುಮತಿ ಕೇಳಬಹುದು.
> ವಾಚಕಿ: ಹಾಗಾದರೆ ಯಾವ ತೀರ್ಮಾನಕ್ಕೆ ಬರಲಾಯಿತು?
> ವರದಿಗಾರ: ಎರಡೂ ವಿಭಾಗಗಳು ಒಟ್ಟಾಗಿ ಸೋಮವಾರ ಮುಚ್ಚಿ, ಮಂಗಳವಾರ ಅಗೆದು, ಬುಧವಾರ ಪರಸ್ಪರ ಪತ್ರ ಬರೆಯಲು ಒಪ್ಪಿವೆ.
> ವಾಚಕಿ: ಗುರುವಾರ?
> ವರದಿಗಾರ: ಗುರುವಾರ ಸಾರ್ವಜನಿಕರ ಬಳಕೆಗೆ ಮೀಸಲು.

ಇಲ್ಲಿ ವಾಚಕಿ ಎರಡು ಸೆಕೆಂಡು ಸುಮ್ಮನಿದ್ದು ಕಾಗದ ತಿರುಗಿಸಬೇಕು. ನಗು ಬಂದರೆ ಮುಗಿಯುವವರೆಗೆ ಕಾಯಲಿ, ಆದರೆ ಮುಖ ಎತ್ತಬಾರದು. ಏಳು ನಿಮಿಷಕ್ಕೆ ಹೆಚ್ಚೆಂದರೆ ಐದು ನಿಮಿಷದ ಓದು ಬರೆಯಿರಿ, ಉಳಿದದ್ದು ನಗುವಿಗೆ. ಗಟ್ಟಿಯಾಗಿ ಓದಿ ಗಡಿಯಾರ ನೋಡಿ, ಮನಸ್ಸಿನಲ್ಲಿ ಓದಿದರೆ ಸಮಯ ಸರಿಯಾಗಿ ಸಿಗಲ್ಲ.

ಕರಾವಳಿ_ಸುಬ್ಬಿ

ಸೋಮ, ಮಂಗಳ, ಬುಧ ಬಂದ ಮೇಲೆ ಗುರುವಾರದ್ದು ಪ್ರಶ್ನೆಯಾಗಿ ಬಂದದ್ದು ಸರಿ ಉಂಟು. ವರದಿಗಾರನೇ ನಾಲ್ಕೂ ಹೇಳಿದರೆ ಪಟ್ಟಿ ಓದಿದ ಹಾಗೆ ಆಗುತ್ತಿತ್ತು.

ಹಳೇ_ಬಸ್_ಸ್ಟ್ಯಾಂಡ್

ಸ್ವೀಕೃತಿ ಕೇಳಿದ್ದಕ್ಕೆ ನಾಳೆ ಬನ್ನಿ ಅಂದರು.

ಕಡತ_ಮಂಡನೆ

ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ ಸರ್. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗುಂಡಿಯ ಪಕ್ಕ ಅಳತೆ ಪಟ್ಟಿ ಇಟ್ಟು ತೆಗೆದ ಫೋಟೊ ಲಗತ್ತಿಸಿ.

ವೇದಿಕೆ_ಹಿಂದೆ

ಕೊನೆ ಹೇಗೆ ಮಾಡೋದು? ವಾಚಕಿ ಎದ್ದು ನಿಂತು "ಎಚ್ಚೆತ್ತುಕೊಳ್ಳಿ ನಾಗರಿಕರೇ" ಅಂತ ಹೇಳಬೇಕು ಅನ್ನೋದು ಸಮಿತಿಯವರ ಆಸೆ.

ಪ್ರಾಂಪ್ಟರ್_ಪೆಟ್ಟಿಗೆ

ದಯವಿಟ್ಟು ಬೇಡ. ಆರೂವರೆ ನಿಮಿಷ ಕಟ್ಟಿದ್ದು ಒಂದು ಸಾಲಿಗೆ ಬಿದ್ದುಹೋಗುತ್ತೆ. ಹವಾಮಾನ ವರದಿಯಲ್ಲಿ ಮುಗಿಸಿ, ವಾರ್ತೆ ಮುಗಿಯುವುದೂ ಹಾಗೇ:

> ವಾಚಕಿ: ಹವಾಮಾನ. ಮುಂದಿನ ಇಪ್ಪತ್ನಾಲ್ಕು ಗಂಟೆ ಪಟ್ಟಣದಲ್ಲಿ ಒಣಹವೆ ಇರಲಿದೆ. ಬಸ್ ನಿಲ್ದಾಣದ ಎದುರು ಎಂದಿನಂತೆ ಬೆಳಿಗ್ಗೆ ಆರರಿಂದ ಎಂಟರವರೆಗೆ, ಕೆಳಗಿನಿಂದ ಮೇಲಕ್ಕೆ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ.

ಜಲ್ಲಿ_ನಲವತ್ತು

ಪೈಪ್ ಸೋರುವ ಲಕ್ಷಣ ಅಷ್ಟೂ ಈ ಸಾಲಲ್ಲಿದೆ. ಸಮಯ ಮಾತ್ರ ನಿಮ್ಮ ವಾಲ್ವ್‌ಮನ್‌ನ ಕೇಳಿ ಹಾಕಿ. ನಿಮ್ಮೂರಲ್ಲಿ ನೀರು ಬಿಡೋದು ಸಂಜೆ ಆದರೆ ಸಭೆಗೆ ತಕ್ಷಣ ಗೊತ್ತಾಗುತ್ತೆ.

ಧಾರವಾಡ_ಪೇಡಾ

ಇದು ನಕ್ಕೆ ನೋಡ್ರಿ. ಆದ್ರೂ ಡ್ರಮ್ ಸೌಂಡ್ ಒಂದ್ಸಲ ಹಾಕ್ರಿ, ಶುರುವಿಗೆ.

ವೇದಿಕೆ_ಹಿಂದೆ

ಶುರುವಿಗೆ ಒಂದೇ ಸಲ ಹಾಕ್ತೀವಿ ಅಣ್ಣ. ನಮ್ಮಲ್ಲಿ ನೀರು ಬರೋದು ದಿನ ಬಿಟ್ಟು ದಿನ, ಬೆಳಿಗ್ಗೆ ಐದಕ್ಕೆ. "ಎಂದಿನಂತೆ" ತೆಗೆದು "ದಿನ ಬಿಟ್ಟು ದಿನ" ಅಂತ ಮಾಡಿದ್ದೇವೆ. ಸಮಿತಿಯವರು ಇನ್ನೂ "ಎಚ್ಚೆತ್ತುಕೊಳ್ಳಿ" ಬಿಟ್ಟಿಲ್ಲ, ಭಾನುವಾರದ ರಿಹರ್ಸಲ್‌ನಲ್ಲಿ ಎರಡೂ ಥರ ಓದಿ ತೋರಿಸ್ತೀವಿ.